ಕಳಪೆ ಜೆಪೆಗ್ ಲೋಗೋದಿಂದ ಬ್ರ್ಯಾಂಡ್ ಬಣ್ಣಗಳನ್ನು ತೆಗೆಯುವ ಕ್ರಮ: ಸಮಗ್ರ ಮಾರ್ಗದರ್ಶಿ

ಅಂಗಡಿಯ ಬೋರ್ಡಿಗೋ ಹೊಸ ವೆಬ್‌ಸೈಟಿಗೋ ಲೋಗೋದ ಬಣ್ಣ ಬೇಕಾಗಿರುತ್ತದೆ, ಆದರೆ ಗ್ರಾಹಕರ ಬಳಿ ಇರುವುದು ಎಷ್ಟೋ ಮೊಬೈಲ್‌ಗಳನ್ನು ಹಾದು ಬಂದ ಒಂದು ಜೆಪೆಗ್ ಚಿತ್ರ ಮಾತ್ರ. ಬಣ್ಣ ಹೀರುವ ಐಡ್ರಾಪರ್ ಉಪಕರಣದಿಂದ ಅಕ್ಷರದ ಅಂಚಿನಲ್ಲಿ ಮೂರು ಕಡೆ ಒತ್ತಿದರೆ ಮೂರು ಬೇರೆ ಬೇರೆ ಸಂಖ್ಯೆಗಳು ಬರುತ್ತವೆ. ಆಗ ಹೆಚ್ಚಿನವರು ಅಂಚನ್ನು ಬಿಟ್ಟು ಮಧ್ಯದ ನಯವಾದ ಭಾಗದಲ್ಲಿ ಒತ್ತುತ್ತಾರೆ, ಎಲ್ಲಿ ಒತ್ತಿದರೂ ಒಂದೇ ಸಂಖ್ಯೆ ಬರುವುದನ್ನು ಕಂಡು ಅದೇ ನಿಜವಾದ ಬಣ್ಣವೆಂದು ಬರೆದುಕೊಳ್ಳುತ್ತಾರೆ. ಅಂಚಿನ ಗದ್ದಲವನ್ನು ತಪ್ಪಿಸಿದ್ದು ಸರಿ. ಆದರೆ ನಯವಾದ ಭಾಗದ ಸಂಖ್ಯೆಯೂ ತಪ್ಪಾಗಿರಬಹುದು, ಮತ್ತು ಎಲ್ಲ ಪಿಕ್ಸೆಲ್‌ಗಳೂ ಒಂದೇ ತಪ್ಪನ್ನು ಹೇಳುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಈ ತಪ್ಪು ಎಷ್ಟರವರೆಗೆ ಇರಬಹುದೆಂಬುದನ್ನು ಮಾತ್ರ ಆ ಫೈಲಿನಿಂದಲೇ ಲೆಕ್ಕ ಹಾಕಬಹುದು. ಈ ಮಾರ್ಗದರ್ಶಿ ಮುಖ್ಯವಾಗಿ ಆ ಲೆಕ್ಕವನ್ನು ಕುರಿತದ್ದು.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಬಳಸುತ್ತೇನೆ. ಬಿಳಿ ಹಿನ್ನೆಲೆಯ ಮೇಲೆ ಕಡು ಹಸಿರಿನ ವೃತ್ತ, ಅದರೊಳಗೆ ಅರಿಶಿನ ಬಣ್ಣದ ಸೂರ್ಯ, ಕೆಳಗೆ ಕೆಂಗಂದು ಬಣ್ಣದ ಸಣ್ಣ ಕನ್ನಡ ಅಕ್ಷರಗಳು: ಇಷ್ಟನ್ನು ಗೊತ್ತಿರುವ ಬಣ್ಣಗಳಲ್ಲಿ ಬರೆದು, 20ರ ಗುಣಮಟ್ಟದಲ್ಲಿ ಜೆಪೆಗ್ ಮಾಡಿದ ಲೋಗೋ ಎಂದಿಟ್ಟುಕೊಳ್ಳಿ. ಹಸಿರು `#0B6B3A`, ಅಂದರೆ ಕೆಂಪು 11, ಹಸಿರು 107, ನೀಲಿ 58. ಅರಿಶಿನ `#F2B01E`, ಅಂದರೆ 242, 176, 30. ಅಕ್ಷರಗಳ ಕೆಂಗಂದು `#7A1F2B`, ಅಂದರೆ 122, 31, 43. ಉತ್ತರ ಮೊದಲೇ ಗೊತ್ತಿರುವುದರಿಂದ ವಿಧಾನ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ನೀವೂ ಇಂಥದೊಂದು ಚಿತ್ರವನ್ನು ಮಾಡಿ ಪ್ರತಿ ಹಂತವನ್ನೂ ಪರಿಶೀಲಿಸಿಕೊಳ್ಳಬಹುದು.

ಮೊದಲು ಮೂಲಕ್ಕೆ ಹತ್ತಿರದ ಫೈಲನ್ನು ಹುಡುಕುವುದು

ಮುದ್ರಣಕ್ಕೆ ಕೊಟ್ಟ ಲೆಟರ್‌ಹೆಡ್, ಕ್ಯಾಟಲಾಗ್ ಅಥವಾ ಬಿಲ್ಲಿನ ಪಿಡಿಎಫ್ ಸಿಕ್ಕರೆ ಅದನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದು ನೋಡಿ. ಲೋಗೋ ಅಲ್ಲಿ ರೇಖೆಗಳಾಗಿಯೇ ಉಳಿದಿದ್ದರೆ ತುಂಬಿದ ಬಣ್ಣದ ಸಂಖ್ಯೆಯನ್ನು ನೇರವಾಗಿ ಓದಬಹುದು, ಮುಂದಿನ ಯಾವ ಕೆಲಸವೂ ಬೇಕಾಗುವುದಿಲ್ಲ. ಪಿಡಿಎಫ್ ಒಳಗೂ ಚಿತ್ರವೇ ಇದ್ದರೆ ಪರದೆಯ ಫೋಟೋ ತೆಗೆಯಬೇಡಿ. ಕೆಳಗಿನ ಆಜ್ಞೆಯು ಒಳಗಿರುವ ಜೆಪೆಗ್ ಅನ್ನು ಮತ್ತೊಮ್ಮೆ ಕುಗ್ಗಿಸದೆ ಇದ್ದ ಹಾಗೆಯೇ ಹೊರತೆಗೆಯುತ್ತದೆ.

```
pdfimages -all letterhead.pdf logo
```

ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ. ಕೈಗೆ ಬಂದ ಫೈಲನ್ನು ಯಾವ ತಂತ್ರಾಂಶದಲ್ಲೂ ತೆರೆದು ಮತ್ತೆ ಜೆಪೆಗ್ ಆಗಿ ಉಳಿಸಬಾರದು, ಅದರ ಅಳತೆಯನ್ನೂ ಬದಲಿಸಬಾರದು. ಮುಂದಿನ ಲೆಕ್ಕಕ್ಕೆ ಬೇಕಾದ ಮಾಹಿತಿ ಫೈಲಿನ ತಲೆಭಾಗದಲ್ಲಿರುವ ಕೋಷ್ಟಕದಲ್ಲಿದೆ. ಮರುಉಳಿಕೆ ಮಾಡಿದ ಕ್ಷಣದಲ್ಲಿ ಆ ಕೋಷ್ಟಕದ ಜಾಗಕ್ಕೆ ಬೇರೊಂದು ಬರುತ್ತದೆ.

ಜೆಪೆಗ್ ಬಣ್ಣಕ್ಕೆ ಏನು ಮಾಡುತ್ತದೆ

ಜೆಪೆಗ್ ವಿಧಾನವು ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳನ್ನು ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ಅವುಗಳನ್ನು ಒಂದು ಹೊಳಪಿನ ಸಂಖ್ಯೆಯಾಗಿಯೂ ಎರಡು ವರ್ಣಾಂಶಗಳಾಗಿಯೂ ಬದಲಿಸಿಕೊಳ್ಳುತ್ತದೆ. ಹೊಳಪು `Y`. ನೀಲಿಯ ಕಡೆಗಿನ ವಾಲಿಕೆ `Cb`, ಕೆಂಪಿನ ಕಡೆಗಿನ ವಾಲಿಕೆ `Cr`. ಬಿಳಿ, ಬೂದು, ಕಪ್ಪುಗಳಿಗೆ ಎರಡು ವರ್ಣಾಂಶಗಳೂ 128 ಆಗಿರುತ್ತವೆ, ಬಣ್ಣ ಗಾಢವಾದಷ್ಟೂ ಅವು 128ರಿಂದ ದೂರ ಸರಿಯುತ್ತವೆ. ನಮ್ಮ ಹಸಿರಿಗೆ ಹೊಳಪು 73, `Cb` 120, `Cr` 84.

ಇದಾದ ಮೇಲೆ ಎರಡು ಬಗೆಯ ನಷ್ಟಗಳು ಆಗುತ್ತವೆ. ಕಳಪೆ ಗುಣಮಟ್ಟದ ಫೈಲುಗಳಲ್ಲಿ ಸಾಮಾನ್ಯವಾಗಿ ಎರಡು ಪಿಕ್ಸೆಲ್ ಅಗಲ, ಎರಡು ಪಿಕ್ಸೆಲ್ ಎತ್ತರದ ಪ್ರತಿ ಚೌಕಕ್ಕೆ ವರ್ಣಾಂಶಗಳ ಸರಾಸರಿಯೊಂದನ್ನೇ ಉಳಿಸಲಾಗುತ್ತದೆ. ಹೊಳಪು ಪ್ರತಿ ಪಿಕ್ಸೆಲ್‌ಗೂ ಉಳಿಯುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ. ಅನಂತರ ಪ್ರತಿಯೊಂದು ಪದರವನ್ನೂ 8×8ರ ಬ್ಲಾಕ್‌ಗಳಾಗಿ ಕತ್ತರಿಸಿ, ಪ್ರತಿ ಬ್ಲಾಕನ್ನು ಒಂದು ಸರಾಸರಿ ಮತ್ತು 63 ಏರಿಳಿತಗಳ ರೂಪದಲ್ಲಿ ಬರೆದು, ಆ 64 ಸಂಖ್ಯೆಗಳನ್ನು ಕೋಷ್ಟಕದ ಸಂಖ್ಯೆಗಳಿಂದ ಭಾಗಿಸಿ ಪೂರ್ಣಾಂಕಕ್ಕೆ ತರಲಾಗುತ್ತದೆ. ಏರಿಳಿತಗಳನ್ನು ಹೀಗೆ ಒರಟಾಗಿಸಿದ್ದರಿಂದ ಅಂಚುಗಳ ಸುತ್ತ ಕಾಣುವ ಅಲೆಅಲೆಯಾದ ಕಲೆಗಳು ಹುಟ್ಟುತ್ತವೆ. ಸರಾಸರಿಯನ್ನು ಒರಟಾಗಿಸಿದ್ದರಿಂದ ನಯವಾದ ಭಾಗದ ಬಣ್ಣವೇ ಸದ್ದಿಲ್ಲದೆ ಸರಿಯುತ್ತದೆ.

ವರ್ಣಾಂಶಗಳ ಒಂದು ಬ್ಲಾಕ್ ಚಿತ್ರದ 16×16 ಪಿಕ್ಸೆಲ್‌ಗಳನ್ನು ಆವರಿಸುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಆದ್ದರಿಂದ ಅಂಚಿನಿಂದ ಐದಾರು ಪಿಕ್ಸೆಲ್ ಒಳಗೆ ಸರಿದರೆ ಸಾಕು ಎಂಬ ಅಂದಾಜು ಸಾಲದು. ಬಣ್ಣದ ಕ್ಷೇತ್ರದೊಳಗೆ 16ರ ಜಾಲಕ್ಕೆ ಸರಿಯಾಗಿ ಕೂರುವ ಒಂದು ಇಡೀ ಚೌಕ ಸಿಗಬೇಕು.

ಫೈಲನ್ನು ಪ್ರಶ್ನಿಸುವುದು

ಇಮೇಜ್‌ಮ್ಯಾಜಿಕ್ ಇದ್ದರೆ ಈ ಒಂದು ಸಾಲು ಬೇಕಾದದ್ದನ್ನು ಹೇಳುತ್ತದೆ.

```
identify -format "%wx%h %Q %[colorspace] %[jpeg:sampling-factor]\n" logo.jpg
```

ಕೊನೆಯಲ್ಲಿ `2x2,1x1,1x1` ಎಂದು ಬಂದರೆ ವರ್ಣಾಂಶಗಳು ಎರಡೂ ದಿಕ್ಕಿನಲ್ಲಿ ಅರ್ಧಕ್ಕೆ ಇಳಿದಿವೆ ಎಂದರ್ಥ. ನಡುವಿನ ಗುಣಮಟ್ಟದ ಸಂಖ್ಯೆ ಕೋಷ್ಟಕವನ್ನು ನೋಡಿ ಮಾಡಿದ ಅಂದಾಜು. ಬಣ್ಣದ ಕ್ರಮ `CMYK` ಎಂದು ಬಂದರೆ ಇಲ್ಲಿ ಹೇಳಿರುವ ಲೆಕ್ಕ ಹೊಂದುವುದಿಲ್ಲ. ಅದು ಮುದ್ರಣಕ್ಕೆ ತಯಾರಾದ ನಾಲ್ಕು ಬಣ್ಣಗಳ ಫೈಲು, ಅದರ ಪ್ರೊಫೈಲ್ ಬಳಸಿ ಪರಿವರ್ತಿಸಬೇಕಾಗುತ್ತದೆ. ಸಾಮಾನ್ಯ ಫೈಲಿನಲ್ಲೂ ಬೇರೆ ಬಣ್ಣದ ಪ್ರೊಫೈಲ್ ಅಡಕವಾಗಿದ್ದರೆ ಎಲ್ಲ ಅಳತೆಗಳೂ ಮುಗಿದ ಮೇಲೆ, ಕೊನೆಯ ಹಂತದಲ್ಲಿ, ಫಲಿತಾಂಶವನ್ನು ಎಸ್‌ಆರ್‌ಜಿಬಿಗೆ ಬದಲಿಸಿ. ಮೊದಲೇ ಬದಲಿಸಿದರೆ ಕೋಷ್ಟಕದ ಲೆಕ್ಕ ಕೈತಪ್ಪುತ್ತದೆ.

ನಯವಾದ ಚೌಕಗಳನ್ನು ಎಣಿಸುವುದು

ಪೈಥಾನ್ ಮತ್ತು ಅದರ ಪಿಲ್ಲೋ ಲೈಬ್ರರಿಯಿಂದ ಈ ಕೆಲಸ ಸುಲಭ. ಕೆಳಗಿನ ತುಣುಕು ಫೈಲನ್ನು ಕೆಂಪು, ಹಸಿರು, ನೀಲಿಗೆ ಬದಲಿಸದೆ ಹೊಳಪು ಮತ್ತು ವರ್ಣಾಂಶಗಳ ರೂಪದಲ್ಲೇ ಓದುತ್ತದೆ. ಹಾಗೆ ಓದುವುದಕ್ಕೆ ಇರುವ ಕಾರಣ ಅಕ್ಷರಗಳ ಬಣ್ಣಕ್ಕೆ ಬಂದಾಗ ತಿಳಿಯುತ್ತದೆ.

```python
from collections import Counter
import numpy as np
from PIL import Image

im = Image.open("logo.jpg")
qt = im.quantization
print(qt[0][0], qt[1][0])
im.draft("YCbCr", im.size)
a = np.asarray(im).astype(int)
h, w, _ = a.shape
found = Counter()
for y in range(0, h - 15, 16):
    for x in range(0, w - 15, 16):
        b = a[y:y+16, x:x+16].reshape(-1, 3)
        if (b.max(0) - b.min(0)).max() <= 2:
            found[tuple(np.median(b, 0).astype(int))] += 1
for c, n in found.most_common(12):
    print(c, n)
```

ಮೊದಲ ಸಾಲಿನಲ್ಲಿ ಅಚ್ಚಾಗುವ ಎರಡು ಸಂಖ್ಯೆಗಳು ಹೊಳಪಿನ ಮತ್ತು ವರ್ಣಾಂಶಗಳ ಸರಾಸರಿಗೆ ಬಳಸಿದ ಭಾಜಕಗಳು. ನಮ್ಮ ಉದಾಹರಣೆಯಲ್ಲಿ ಅವು 40 ಮತ್ತು 43. ಅದರ ಕೆಳಗಿನ ಪಟ್ಟಿಯಲ್ಲಿ ಒಂದೊಂದು ಬಣ್ಣಕ್ಕೂ ಎಷ್ಟು ಚೌಕಗಳು ಸಿಕ್ಕವು ಎಂಬ ಎಣಿಕೆ ಬರುತ್ತದೆ.

ಎಣಿಕೆಯನ್ನು ಕೇವಲ ದೊಡ್ಡದು, ಚಿಕ್ಕದು ಎಂದು ಓದಬಾರದು. ಗುಣಮಟ್ಟ ಬಹಳ ಕಡಿಮೆಯಾದಾಗ, ಅಂಚು ಸ್ವಲ್ಪವೇ ತಾಗಿದ ಬ್ಲಾಕಿನ ಏರಿಳಿತಗಳೆಲ್ಲ ಸೊನ್ನೆಯಾಗಿ, ಎರಡು ಬಣ್ಣಗಳ ಮಿಶ್ರ ಸರಾಸರಿಯೊಂದೇ ಉಳಿಯಬಹುದು. ಅಂಥ ಚೌಕ ನಯವಾಗಿಯೇ ಕಾಣುತ್ತದೆ, ಆದರೆ ಅದರ ಬಣ್ಣ ಲೋಗೋದಲ್ಲಿ ಎಲ್ಲೂ ಇಲ್ಲ. ಒಂದೋ ಎರಡೋ ಸಲ ಮಾತ್ರ ಬರುವ, ದೊಡ್ಡ ಬಣ್ಣವೊಂದಕ್ಕಿಂತ ಸ್ವಲ್ಪವೇ ಭಿನ್ನವಾದ ಸಾಲುಗಳು ಬಹುತೇಕ ಇಂಥವೇ. ಅನುಮಾನ ಬಂದರೆ ಆ ಚೌಕ ಚಿತ್ರದಲ್ಲಿ ಎಲ್ಲಿದೆ ಎಂದು ನೋಡಿ. ಅಂಚಿಗೆ ಅಂಟಿಕೊಂಡಿದ್ದರೆ ಬಿಟ್ಟುಬಿಡಿ. ಬಣ್ಣ ಮೆಲ್ಲಗೆ ಬದಲಾಗುವ ಭಾಗ ಲೋಗೋದಲ್ಲಿದ್ದರೆ ಲಕ್ಷಣ ಬೇರೆಯಾಗಿರುತ್ತದೆ: ಒಂದೊಂದು ಹೆಜ್ಜೆ ದೂರದ ಹಲವು ಬಣ್ಣಗಳು ಒಂದೇ ದಿಕ್ಕಿನಲ್ಲಿ, ಸಾಲಾಗಿ ಬರುತ್ತವೆ.

ಅಳೆದ ಬಣ್ಣ ಏಕೆ ತಪ್ಪು, ಎಷ್ಟು ತಪ್ಪು

ನಮ್ಮ ಹಸಿರನ್ನೇ ತೆಗೆದುಕೊಂಡು ಕೈಲೆಕ್ಕ ಮಾಡೋಣ. ಜೆಪೆಗ್ ಪ್ರತಿ ಸಂಖ್ಯೆಯಿಂದ 128 ಕಳೆದು ಕೆಲಸ ಮಾಡುತ್ತದೆ, ಮತ್ತು ಬ್ಲಾಕಿನ ಸರಾಸರಿಯನ್ನು 8ರಿಂದ ಗುಣಿಸಿದ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಹೊಳಪು 73 ಎಂದರೆ −55, ಎಂಟರಷ್ಟು −440. ಅದನ್ನು 40ರಿಂದ ಭಾಗಿಸಿದರೆ ಸರಿಯಾಗಿ −11 ಬರುತ್ತದೆ, ಹಾಗಾಗಿ ಹೊಳಪಿನಲ್ಲಿ ನಷ್ಟವೇ ಇಲ್ಲ. `Cb` 120 ಎಂದರೆ −8, ಎಂಟರಷ್ಟು −64. ಅದನ್ನು 43ರಿಂದ ಭಾಗಿಸಿದರೆ −1.49. ಅದು −1 ಆಗಿ ಉಳಿಯುತ್ತದೆ, ಮರಳಿ ಬಿಡಿಸಿದಾಗ 120ರ ಬದಲು 123 ಸಿಗುತ್ತದೆ. `Cr` ಇದೇ ರೀತಿಯಲ್ಲಿ 84ರಿಂದ 85 ಆಗುತ್ತದೆ. ಈ ಮೂರನ್ನೂ ಕೆಂಪು, ಹಸಿರು, ನೀಲಿಗೆ ಬದಲಿಸಿದರೆ 13, 105, 64 ಬರುತ್ತದೆ, ಅಂದರೆ `#0D6940`.

ನಿಜವಾದ ನೀಲಿಯ ಅಂಶ 58, ನಮಗೆ ಸಿಕ್ಕಿದ್ದು 64. ವೃತ್ತದೊಳಗಿನ ಪ್ರತಿಯೊಂದು ಪೂರ್ಣ ಬ್ಲಾಕಿನಲ್ಲೂ ಇದೇ ಭಾಗಾಕಾರ, ಇದೇ ಪೂರ್ಣಾಂಕ, ಇದೇ ತಪ್ಪು. ಸಾವಿರ ಪಿಕ್ಸೆಲ್‌ಗಳ ಸರಾಸರಿ ತೆಗೆದುಕೊಂಡರೂ ಏನೂ ಸುಧಾರಿಸುವುದಿಲ್ಲ. ಚಿತ್ರವನ್ನು ಮಸುಕುಗೊಳಿಸಿ ಅಥವಾ ಕುಗ್ಗಿಸಿ ಗದ್ದಲ ತೆಗೆದ ಮೇಲೆ ಬಣ್ಣ ಹೀರಿ ಎಂಬ ಸಲಹೆಯನ್ನು ಹಲವರು ಕೊಡುತ್ತಾರೆ. ಅದು ಅಂಚಿನ ಗದ್ದಲಕ್ಕೆ ಉತ್ತರವಾದೀತು, ಈ ತಪ್ಪಿಗೆ ಅಲ್ಲ.

ಭಾಜಕವನ್ನು 8ರಿಂದ ಭಾಗಿಸಿದರೆ ಒಂದು ಹೆಜ್ಜೆಯ ಅಳತೆ ಸಿಗುತ್ತದೆ. ಇಲ್ಲಿ ಹೊಳಪಿನ ಹೆಜ್ಜೆ 5, ವರ್ಣಾಂಶದ ಹೆಜ್ಜೆ ಸುಮಾರು 5.4. ನಿಜವಾದ ಬೆಲೆಯು ಅಳೆದ ಬೆಲೆಯಿಂದ ಅರ್ಧ ಹೆಜ್ಜೆಯೊಳಗೆ ಇದ್ದೇ ಇರುತ್ತದೆ. ಆದ್ದರಿಂದ ಹಸಿರಿನ ಹೊಳಪು 71ರಿಂದ 75, `Cb` 120ರಿಂದ 125, `Cr` 83ರಿಂದ 87ರ ನಡುವೆ ಇರಬೇಕು. ಇದನ್ನು ಬಣ್ಣಗಳಿಗೆ ಬದಲಿಸಿದರೆ ಕೆಂಪು ಸುಮಾರು 8ರಿಂದ 18, ಹಸಿರು 101ರಿಂದ 110, ನೀಲಿ 57ರಿಂದ 70ರವರೆಗೆ ಬರುತ್ತದೆ. ನಿಜವಾದ 11, 107, 58 ಈ ಪೆಟ್ಟಿಗೆಯೊಳಗೇ ಇದೆ. ನೀಲಿಗೆ ಹೆಚ್ಚು ಅನಿಶ್ಚಿತತೆ ಇರುವುದು ಆಕಸ್ಮಿಕವಲ್ಲ. ಮರುಪರಿವರ್ತನೆಯ ಸೂತ್ರದಲ್ಲಿ `Cb` 1.772ರಿಂದ ಗುಣಿತವಾಗಿ ನೀಲಿಗೆ ಸೇರುತ್ತದೆ, ಹಾಗಾಗಿ ಅದರ ತಪ್ಪೂ ಹಿಗ್ಗುತ್ತದೆ. ಕೆಂಪಿಗೆ ಸೇರುವ `Cr` 1.402ರಿಂದ ಗುಣಿತವಾಗುತ್ತದೆ. ಜೆಪೆಗ್‌ನಿಂದ ತೆಗೆದ ಯಾವ ಬಣ್ಣದಲ್ಲೇ ಆಗಲಿ, ನಾನು ಮೊದಲು ಅನುಮಾನಿಸುವುದು ನೀಲಿಯ ಸಂಖ್ಯೆಯನ್ನು.

ಅರಿಶಿನದ ಲೆಕ್ಕವೂ ಹೀಗೆಯೇ ಸಾಗುತ್ತದೆ: 242, 176, 30 ಇದ್ದದ್ದು 238, 177, 26 ಆಗಿ ಹೊರಬರುತ್ತದೆ. ಇಲ್ಲಿ ನೀಲಿ ಕೆಳಗೆ ಸರಿದಿದೆ, ಹಸಿರಿನಲ್ಲಿ ಅದು ಮೇಲೆ ಸರಿದಿತ್ತು. ಒಂದೇ ಚಿತ್ರದ ಎರಡು ಬಣ್ಣಗಳು ಬೇರೆ ಬೇರೆ ದಿಕ್ಕಿಗೆ ಸರಿಯುತ್ತವೆ ಎಂಬ ಈ ಸಂಗತಿಯಿಂದ ಒಂದು ಮುಖ್ಯ ಎಚ್ಚರಿಕೆ ಹುಟ್ಟುತ್ತದೆ.

ಬಿಳಿಯನ್ನು ಸರಿಪಡಿಸುವ ಆತುರ ಬೇಡ

ಇದೇ ಫೈಲಿನಲ್ಲಿ ಹಿನ್ನೆಲೆಯ ಬಿಳಿ 255 ಆಗಿರದೆ 253 ಆಗಿ ಕಾಣುತ್ತದೆ. ಬಿಳಿಯ ಹೊಳಪು 127ರ ಎಂಟರಷ್ಟು 1016, ಅದನ್ನು 40ರಿಂದ ಭಾಗಿಸಿದರೆ 25.4, ಪೂರ್ಣಾಂಕ 25, ಮರಳಿ ಬಂದದ್ದು 125. ಅಭ್ಯಾಸಬಲದಿಂದ ಜಿಂಪ್‌ನಲ್ಲಿ ಲೆವೆಲ್ಸ್ ತೆರೆದು 253 ಅನ್ನು 255ಕ್ಕೆ ಎಳೆಯಲು ಕೈ ಹೋಗುತ್ತದೆ. ಹಾಗೆ ಮಾಡಿದರೆ ನಷ್ಟವೇ ಆಗದಿದ್ದ ಹಸಿರಿನ ಹೊಳಪೂ ಏರಿಬಿಡುತ್ತದೆ. ಪ್ರತಿ ಬಣ್ಣದ ಪೂರ್ಣಾಂಕದ ತಪ್ಪು ಸ್ವತಂತ್ರವಾದುದು, ಬಿಳಿಯ ತಪ್ಪಿನಿಂದ ಹಸಿರಿನ ತಪ್ಪನ್ನು ಊಹಿಸಲು ಬರುವುದಿಲ್ಲ.

ಬೋರ್ಡಿನ ಫೋಟೋ ಅಥವಾ ಸ್ಕ್ಯಾನ್ ಆಗಿದ್ದರೆ ಮಾತು ಬೇರೆ. ಅಲ್ಲಿ ಬೆಳಕಿನ ಬಣ್ಣವು ಇಡೀ ಚಿತ್ರವನ್ನು ಒಂದೇ ಕಡೆಗೆ ವಾಲಿಸಿರುತ್ತದೆ, ಬಿಳಿಯನ್ನು ಸರಿಪಡಿಸುವುದು ಅಲ್ಲಿ ನ್ಯಾಯ. ಎರಡನ್ನೂ ಬೇರೆ ಮಾಡಿ ತಿಳಿಯಲು ಬಿಳಿಯನ್ನೇ ಕೇಳಬೇಕು. ಕೋಷ್ಟಕದಿಂದ ಲೆಕ್ಕ ಹಾಕಿದ ಬೆಲೆಯೇ ಹಿನ್ನೆಲೆಯಲ್ಲಿ ಎಲ್ಲೆಡೆ ಸಿಕ್ಕರೆ, ಮತ್ತು ಎರಡು ವರ್ಣಾಂಶಗಳೂ 128ರಲ್ಲೇ ಇದ್ದರೆ, ಅದು ಕುಗ್ಗಿಸುವಿಕೆಯ ಪರಿಣಾಮ. ಬಿಳಿಯು ಜಾಗದಿಂದ ಜಾಗಕ್ಕೆ ಬದಲಾಗುತ್ತಿದ್ದರೆ ಅದು ಬೆಳಕಿನ ಪರಿಣಾಮ.

ಬಿಳಿ ಇನ್ನೊಂದು ಸುಳಿವನ್ನೂ ಕೊಡುತ್ತದೆ. ಕೆಲವು ಫೈಲುಗಳ ಕೋಷ್ಟಕ 90ರ ಗುಣಮಟ್ಟವನ್ನು ತೋರಿಸುತ್ತದೆ, ಆದರೆ ಅಂಚುಗಳ ಸುತ್ತ ಒರಟು ಕಲೆಗಳಿರುತ್ತವೆ. 90ರ ಗುಣಮಟ್ಟದಲ್ಲಿ ಹೊಳಪಿನ ಭಾಜಕ 3, ಶುದ್ಧ ಬಿಳಿ ಅದರಲ್ಲಿ 255 ಆಗಿಯೇ ಉಳಿಯುತ್ತದೆ. ಅಂಥ ಫೈಲಿನಲ್ಲಿ ಬಿಳಿ 253 ಎಂದು ಬಂದರೆ, ಅದು ಹಿಂದೆ ಕಡಿಮೆ ಗುಣಮಟ್ಟದಲ್ಲಿ ಕುಗ್ಗಿ, ಬಳಿಕ ಯಾರೋ ಒಳ್ಳೆಯ ಗುಣಮಟ್ಟದಲ್ಲಿ ಮತ್ತೆ ಉಳಿಸಿದ ಫೈಲಾಗಿರುವ ಸಂಭವ ಹೆಚ್ಚು. ಆಗ ಈಗಿನ ಕೋಷ್ಟಕದಿಂದ ಹಾಕಿದ ಪೆಟ್ಟಿಗೆ ತೀರಾ ಚಿಕ್ಕದಾಗುತ್ತದೆ, ಅದನ್ನು ನಂಬಬಾರದು. ಪರದೆಯ ಫೋಟೋ ಆಗಿ ಪಿಎನ್‌ಜಿಯಲ್ಲಿ ಬಂದ ಲೋಗೋಗಳಿಗೂ ಇದೇ ಮಿತಿ ಇದೆ: ಕಲೆ ಉಳಿದಿರುತ್ತದೆ, ಕೋಷ್ಟಕ ಉಳಿದಿರುವುದಿಲ್ಲ.

ಊಹೆಯನ್ನು ಮರಳಿ ಕುಗ್ಗಿಸಿ ನೋಡುವುದು

ಪೆಟ್ಟಿಗೆಯೊಳಗಿನ ಯಾವ ಬಣ್ಣ ನಿಜವೆಂದು ನಯವಾದ ಭಾಗ ಮಾತ್ರ ಹೇಳಲಾರದು. ಆದರೆ ಯಾರಾದರೂ ಒಂದು ಸಂಖ್ಯೆಯನ್ನು ಮುಂದಿಟ್ಟರೆ ಅದು ಸಾಧ್ಯವೇ ಅಲ್ಲವೇ ಎಂಬುದನ್ನು ನಿಖರವಾಗಿ ಪರೀಕ್ಷಿಸಬಹುದು. ಆ ಬಣ್ಣದ ಒಂದು ಚೌಕವನ್ನು ಮಾಡಿ, ಗ್ರಾಹಕರ ಫೈಲಿನ ಕೋಷ್ಟಕವನ್ನೇ ಬಳಸಿ ಕುಗ್ಗಿಸಿ, ಬಿಡಿಸಿ ನೋಡಬೇಕು.

```python
from io import BytesIO

def roundtrip(rgb):
    f = BytesIO()
    t = Image.new("RGB", (32, 32), rgb)
    t.save(f, "JPEG", qtables=qt, subsampling=2)
    f.seek(0)
    return Image.open(f).getpixel((16, 16))

print(roundtrip((11, 107, 58)))
```

ಇಲ್ಲಿ `subsampling=2` ಎಂದರೆ ಎರಡೂ ದಿಕ್ಕಿನಲ್ಲಿ ಅರ್ಧಕ್ಕೆ ಇಳಿಸಿದ ವರ್ಣಾಂಶ. `quality` ಎಂಬುದನ್ನು ಇಲ್ಲಿ ಕೊಡಬಾರದು, ಕೊಟ್ಟರೆ ಕೋಷ್ಟಕ ಇದ್ದ ಹಾಗೆ ಉಳಿಯುವುದಿಲ್ಲ. ಈ ತುಣುಕು 13, 105, 64 ಎಂದು ಉತ್ತರಿಸಿದರೆ ನಿಮ್ಮ ಊಹೆ ಫೈಲಿನೊಂದಿಗೆ ಹೊಂದುತ್ತದೆ. ಯಾವುದೇ ಬಣ್ಣಾಂಶ ಎರಡು ಮೂರಕ್ಕಿಂತ ಹೆಚ್ಚು ದೂರ ಹೋದರೆ ಆ ಊಹೆಯನ್ನು ಕೈಬಿಡಬಹುದು.

ಊಹೆಗಳು ಬರಬೇಕಾದದ್ದು ಚಿತ್ರದ ಹೊರಗಿನಿಂದ. ಗ್ರಾಹಕರ ಹಳೆಯ ವೆಬ್‌ಸೈಟಿನ ಸಿಎಸ್ಎಸ್ ಫೈಲಿನಲ್ಲಿ ಹಸಿರಿನ ಒಂದು ಸಂಖ್ಯೆ ಇರಬಹುದು. ಮುದ್ರಣಾಲಯದವರ ಬಳಿ ಜಾಬಿನ ಶಾಯಿಯ ಪ್ರಮಾಣ ಬರೆದಿಟ್ಟ ಹಾಳೆಯಿರಬಹುದು. ಮೊದಲು ವಿನ್ಯಾಸ ಮಾಡಿದವರು ಸಾಮಾನ್ಯವಾಗಿ ಬಳಸುತ್ತಿದ್ದ ಬಣ್ಣದ ಪಟ್ಟಿ ಸಿಗಬಹುದು. ಹೀಗೆ ಬಂದ ಮೂರು ನಾಲ್ಕು ಸಂಖ್ಯೆಗಳಲ್ಲಿ ಒಂದೇ ಒಂದು ಪರೀಕ್ಷೆಯಲ್ಲಿ ಉಳಿದರೆ ಅದನ್ನು ನಿಜವೆಂದು ನಂಬಲು ಗಟ್ಟಿ ಆಧಾರವಿದೆ. ಹೊರಗಿನ ಸುಳಿವೇ ಇಲ್ಲದಿದ್ದರೆ ಅಳೆದ ಬೆಲೆಯನ್ನೇ ಇಟ್ಟುಕೊಳ್ಳಿ. ಅದು ಪೆಟ್ಟಿಗೆಯ ನಡುಭಾಗದಲ್ಲಿರುತ್ತದೆ, ಹೆಚ್ಚೆಂದರೆ ಎಷ್ಟು ತಪ್ಪಬಹುದೋ ಅದು ಅಲ್ಲಿ ಕನಿಷ್ಠವಾಗಿರುತ್ತದೆ. ಸಂಖ್ಯೆ ಚೆನ್ನಾಗಿ ಕಾಣಲಿ ಎಂದು `#0D6940` ಅನ್ನು ಇನ್ನಾವುದೋ ದುಂಡು ಸಂಖ್ಯೆಗೆ ತಿರುಗಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ತಿರುವಿಗೆ ಫೈಲಿನಲ್ಲಿ ಯಾವ ಆಧಾರವೂ ಇರುವುದಿಲ್ಲ.

ತೆಳು ಅಕ್ಷರಗಳ ಬಣ್ಣ

ಕೆಂಗಂದು ಅಕ್ಷರಗಳ ಗೆರೆ ಎರಡು ಪಿಕ್ಸೆಲ್ ಅಗಲ, ಒತ್ತಕ್ಷರಗಳಲ್ಲಿ ಇನ್ನೂ ತೆಳು. ಅಲ್ಲಿ 16×16ರ ನಯವಾದ ಚೌಕ ಸಿಗುವ ಮಾತೇ ಇಲ್ಲ. ಬಣ್ಣಗಳ ಪಟ್ಟಿಯನ್ನು ತಾನಾಗಿ ಮಾಡಿಕೊಡುವ ಉಪಕರಣಗಳು ಅತಿ ಹೆಚ್ಚು ತಪ್ಪುವುದು ಇಲ್ಲೇ, ಹೇಗೆ ಎಂಬುದನ್ನು ಲೆಕ್ಕದಿಂದಲೇ ನೋಡಬಹುದು. ಎರಡು ಪಿಕ್ಸೆಲ್ ಅಗಲದ ಲಂಬ ಗೆರೆಯೊಂದು ವರ್ಣಾಂಶದ ಎರಡು ಚೌಕಗಳ ನಡುವೆ ಅರ್ಧರ್ಧ ಬಿದ್ದಿದೆ ಎಂದುಕೊಳ್ಳಿ. ಹೊಳಪು 60 ಹಾಗೆಯೇ ಉಳಿಯುತ್ತದೆ, ಆದರೆ `Cr` 44.5ರಷ್ಟು ವಾಲಿದ್ದದ್ದು ಬಿಳಿಯೊಂದಿಗೆ ಹಂಚಿಹೋಗಿ ಸುಮಾರು 22ಕ್ಕೆ ಇಳಿಯುತ್ತದೆ. ಬೇರೆ ನಷ್ಟಗಳನ್ನೆಲ್ಲ ಪಕ್ಕಕ್ಕಿಟ್ಟರೂ ಗೆರೆಯ ನಡುವೆ ಕಾಣುವ ಬಣ್ಣ 91, 46, 52. ಕೆಂಗಂದು ಮಾಸಿದ ಕಂದಾಗಿದೆ. ಉಳಿದ ಅರ್ಧ ವರ್ಣಾಂಶವು ಪಕ್ಕದ ಬಿಳಿಗೆ ಅಂಟಿ ಅಲ್ಲಿ 255, 241, 247ರ ತೆಳು ಗುಲಾಬಿಯಾಗುತ್ತದೆ. ತಾನಾಗಿ ಮಾಡಿದ ಪಟ್ಟಿಯಲ್ಲಿ ಕಂದು ಮತ್ತು ಗುಲಾಬಿ ಎರಡೂ ಬ್ರ್ಯಾಂಡ್ ಬಣ್ಣಗಳಾಗಿ ಕೂರುತ್ತವೆ. ಲೋಗೋದಲ್ಲಿ ಅವೆರಡೂ ಇಲ್ಲ.

ಆದರೂ ಇಲ್ಲೊಂದು ದಾರಿಯಿದೆ. ಹಂಚಿಹೋದ ವರ್ಣಾಂಶ ನಾಶವಾಗಿಲ್ಲ, ಜಾಗ ಬದಲಿಸಿದೆ ಅಷ್ಟೇ. ಅಕ್ಷರಗಳನ್ನೂ ಅವುಗಳ ಗುಲಾಬಿ ಸುತ್ತುವರಿಯನ್ನೂ ಒಳಗೊಂಡ ಒಂದು ಆಯತದಲ್ಲಿ ವರ್ಣಾಂಶವನ್ನೆಲ್ಲ ಕೂಡಿಸಿ, ಶಾಯಿ ಆವರಿಸಿದ ವಿಸ್ತೀರ್ಣದಿಂದ ಭಾಗಿಸಿದರೆ ಮೂಲ ವರ್ಣಾಂಶ ಮರಳಿ ಬರಬೇಕು. ವಿಸ್ತೀರ್ಣವನ್ನು ಹೊಳಪು ಹೇಳುತ್ತದೆ: ಇಡೀ ಆಯತದಲ್ಲಿ ಬಿಳಿಗಿಂತ ಎಷ್ಟು ಹೊಳಪು ಕಡಿಮೆಯಾಗಿದೆಯೋ ಅದನ್ನು, ಪೂರ್ತಿ ಶಾಯಿಯ ಒಂದು ಪಿಕ್ಸೆಲ್ ಕಡಿಮೆ ಮಾಡುವ 195ರಿಂದ ಭಾಗಿಸಬೇಕು. ಶಾಯಿಯ ಹೊಳಪು 60 ಎಂಬುದನ್ನು ಅತ್ಯಂತ ದಪ್ಪವಾದ ಗೆರೆಗಳ ನಡುವಿನಿಂದ, ಹಲವು ಕಡೆ ಅಳೆದು ಮಧ್ಯಮ ಬೆಲೆಯಾಗಿ ತೆಗೆದುಕೊಳ್ಳಬೇಕು.

```python
r = a[y0:y1, x0:x1].reshape(-1, 3).astype(float)
area = (255 - r[:, 0]).sum() / (255 - 60)
cb, cr = (r[:, 1:] - 128).sum(0) / area
```

ಆಯತದ ನಾಲ್ಕೂ ಅಂಚುಗಳು, ಅಂದರೆ ನೀವೇ ತುಂಬಬೇಕಾದ `x0`, `x1`, `y0`, `y1`, 16ರ ಗುಣಕಗಳಾಗಿರಲಿ. ಅಕ್ಷರವೇ ಇಲ್ಲದ ಖಾಲಿ ಬ್ಲಾಕ್‌ಗಳು ಒಳಗೆ ಬರದಿರಲಿ, ಏಕೆಂದರೆ ಅವುಗಳ 253ರ ಬಿಳಿಯು ಇಲ್ಲದ ಶಾಯಿಯನ್ನು ಎಣಿಕೆಗೆ ಸೇರಿಸುತ್ತದೆ. ಹೊಳಪು ಮತ್ತು ವರ್ಣಾಂಶಗಳ ರೂಪದಲ್ಲೇ ಓದಬೇಕೆಂದು ಮೊದಲು ಹೇಳಿದ್ದು ಇದಕ್ಕಾಗಿ: ಗುಲಾಬಿ ಪಿಕ್ಸೆಲ್‌ಗಳ ಕೆಂಪು 255ನ್ನು ಮೀರಬೇಕಿತ್ತು, ಕೆಂಪು, ಹಸಿರು, ನೀಲಿಗೆ ಬದಲಿಸಿದಾಗ ಆ ಮೀರಿದ ಭಾಗ ಕತ್ತರಿಸಿ ಹೋಗುತ್ತದೆ, ಮೊತ್ತವೂ ಕುಗ್ಗುತ್ತದೆ.

ಈ ವಿಧಾನದ ಮಿತಿಯನ್ನು ಸ್ಪಷ್ಟವಾಗಿ ತಿಳಿದಿರಬೇಕು. ಒಂದು ವರ್ಣಾಂಶ ಬ್ಲಾಕಿನಲ್ಲಿ ಶಾಯಿ ಐದನೆಯ ಒಂದು ಭಾಗವನ್ನು ಆವರಿಸಿದರೆ `Cr`ನ ಸರಾಸರಿ ವಾಲಿಕೆ ಸುಮಾರು 9. ಅದು ಅರ್ಧ ಹೆಜ್ಜೆಯಾದ 2.7ರಷ್ಟು ಮೇಲೆ ಕೆಳಗೆ ಸರಿಯಬಹುದು, ಅಂದರೆ ಒಂದೇ ಬ್ಲಾಕಿನಲ್ಲಿ ಶೇಕಡಾ 30ರವರೆಗೂ ತಪ್ಪು. ಬೇರೆ ಬೇರೆ ಅಕ್ಷರಗಳಿರುವ ಹತ್ತು ಹನ್ನೆರಡು ಬ್ಲಾಕ್‌ಗಳನ್ನು ಕೂಡಿಸಿದಾಗ ಈ ತಪ್ಪುಗಳು ಬಹುಮಟ್ಟಿಗೆ ಒಂದನ್ನೊಂದು ಕಳೆಯುತ್ತವೆ. ಆದರೆ `Cb`ನ ವಾಲಿಕೆ ಮೂಲದಲ್ಲೇ ಸುಮಾರು −9, ಐದನೆಯ ಒಂದು ಭಾಗ ಎಂದರೆ −1.9. ಅದು ಅರ್ಧ ಹೆಜ್ಜೆಗಿಂತ ಚಿಕ್ಕದು, ಹಾಗಾಗಿ ಪ್ರತಿ ಬ್ಲಾಕಿನಲ್ಲೂ ಸೊನ್ನೆಯಾಗುತ್ತದೆ. ಎಷ್ಟು ಬ್ಲಾಕ್ ಕೂಡಿಸಿದರೂ ಸೊನ್ನೆಯೇ. ಫಲಿತಾಂಶ 122, 31, 43ರ ಬದಲು 122, 28, 60ರ ಆಸುಪಾಸಿಗೆ ಬರುತ್ತದೆ, ಕೆಂಗಂದು ನೇರಳೆಯ ಕಡೆಗೆ ವಾಲುತ್ತದೆ. ಮೊತ್ತದಲ್ಲಿ ಒಂದು ವರ್ಣಾಂಶ ಹೆಚ್ಚುಕಡಿಮೆ ಸೊನ್ನೆ ಬಂದರೆ ಮೂಲದಲ್ಲಿಯೂ ಅದು ಸೊನ್ನೆಯೆಂದು ತೀರ್ಮಾನಿಸಬೇಡಿ. ಅದು ಕಾಣದಷ್ಟು ಚಿಕ್ಕದು ಎಂದಷ್ಟೇ ಹೇಳಬಹುದು, ಆ ಬಣ್ಣದ ನೀಲಿ ಅಂಶಕ್ಕೆ ಹೊರಗಿನ ಸಾಕ್ಷ್ಯ ಹುಡುಕಬೇಕು.

ಇನ್ನೊಂದು ಚಿಕ್ಕ ವಾಲಿಕೆಯೂ ಇದೆ. ಅಕ್ಷರಗಳ ಸುತ್ತಲಿನ ಅಲೆಗಳಲ್ಲಿ ಹೊಳಪು 255ನ್ನು ಮೀರಬೇಕಾದ ಕಡೆ ಕತ್ತರಿಸಿಹೋಗಿರುತ್ತದೆ. ಇದರಿಂದ ವಿಸ್ತೀರ್ಣ ನಿಜಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ, ಬಣ್ಣ ಸ್ವಲ್ಪ ಮಂಕಾಗಿ ಬರುತ್ತದೆ. ಎರಡು ಉತ್ತರಗಳ ನಡುವೆ ಆಯ್ಕೆ ಮಾಡಬೇಕಾಗಿ ಬಂದರೆ ಗಾಢವಾದುದನ್ನು ಆರಿಸಿ.

ಪಟ್ಟಿಯನ್ನು ಬರೆಯುವುದು

ಗ್ರಾಹಕರಿಗೆ ಕೊಡುವ ಹಾಳೆಯಲ್ಲಿ ಪ್ರತಿ ಬಣ್ಣಕ್ಕೂ ಒಂದೇ ಸಂಖ್ಯೆಯನ್ನು ಬರೆದು ಮುಗಿಸಬೇಡಿ. ಹಸಿರಿಗೆ ಹೊರಗಿನ ಸುಳಿವು ಸಿಗದಿದ್ದರೆ `#0D6940` ಎಂದು ಬರೆದು, ನೀಲಿ ಅಂಶ 57ರಿಂದ 70ರವರೆಗೆ ಎಲ್ಲಾದರೂ ಇರಬಹುದೆಂದು ಪಕ್ಕದಲ್ಲೇ ಸೇರಿಸಿ. ಅರಿಶಿನಕ್ಕೆ `#EEB11A`, ಅದರ ಕೆಂಪು 234ರಿಂದ 243, ನೀಲಿ 20ರಿಂದ 31. ಕೆಂಗಂದಿಗೆ, ತೆಳು ಅಕ್ಷರಗಳಿಂದ ತೆಗೆದದ್ದು, ನೀಲಿ ಅಂಶ ಗೊತ್ತಾಗಿಲ್ಲ ಎಂದು ಸ್ಪಷ್ಟವಾಗಿ ನಮೂದಿಸಿ. ಹಿನ್ನೆಲೆ 253 ಎಂದು ಅಳತೆಗೆ ಬಂದಿದ್ದರೂ ಅದು ಬಿಳಿಯೇ, `#FFFFFF` ಎಂದೇ ಬರೆಯಿರಿ. ಅದು ಬಿಳಿಯೆಂಬುದನ್ನು ಕೋಷ್ಟಕದ ಲೆಕ್ಕ ಸಮರ್ಥಿಸಿದೆ.

ಮುಂದೊಂದು ದಿನ ಹಳೆಯ ಪಿಡಿಎಫ್ ಸಿಕ್ಕರೆ, ಅದರಲ್ಲಿರುವ ಸಂಖ್ಯೆಯನ್ನು ಮೇಲಿನ ತುಣುಕಿನಲ್ಲಿ ಕುಗ್ಗಿಸಿ ನೋಡಿ. ಹೊಂದಿದರೆ ಹಾಳೆಯ ಸಂಖ್ಯೆಯನ್ನು ಬದಲಿಸಿ. ಹೊಂದದಿದ್ದರೆ ಜೆಪೆಗ್ ಮತ್ತು ಪಿಡಿಎಫ್ ಎರಡೂ ಒಂದೇ ಲೋಗೋದ ಬೇರೆ ಆವೃತ್ತಿಗಳಾಗಿರಬಹುದು. ಯಾವುದು ಈಗ ಚಾಲ್ತಿಯಲ್ಲಿದೆ ಎಂಬುದನ್ನು ಗ್ರಾಹಕರೇ ಹೇಳಬೇಕು.